ಸಾವಿನ ಸುದ್ದಿಗೆ ಯಾವ ಎಮೋಜಿ?

ಕ್ಲಾಸ್ ಗ್ರೂಪಲ್ಲಿ ಯಾರದ್ದಾದ್ರೂ ಮನೆಯ ಸಾವಿನ ಸುದ್ದಿ ಬಂದಾಗ ಏನಾಗುತ್ತೆ ಅಂತ ನೀವೂ ನೋಡಿರ್ತೀರ. ಮೊದಲ ನಾಲ್ಕೈದು ಜನ RIP ಅಂತ ಟೈಪ್ ಮಾಡ್ತಾರೆ. ಆಮೇಲೆ ಬಂದವರು ಏನೂ ಬರೆಯಲ್ಲ. ಮೆಸೇಜನ್ನು ಒತ್ತಿ ಹಿಡಿದು ಒಂದು ಎಮೋಜಿ ಹಾಕಿ ಹೋಗ್ತಾರೆ. ಹತ್ತು ನಿಮಿಷದಲ್ಲಿ ಆ ಸುದ್ದಿಯ ಕೆಳಗೆ ❤️ 😢 🙏 ಸಾಲಾಗಿ ಕೂತಿರುತ್ತವೆ, ನಡುವೆ ಎಲ್ಲೋ ಒಂದು 😂 ಕೂಡ.

ಯಾರೂ ಬೇಕಂತ ಹೀಗೆ ಮಾಡಲ್ಲ, ನಿಜ. ಆದರೆ ದುಃಖದಲ್ಲಿ ಇರೋರಿಗೆ ಕಾಣೋದು ನಮ್ಮ ಉದ್ದೇಶ ಅಲ್ಲ, ನಾವು ಕಳಿಸಿದ ಚಿತ್ರ ಮಾತ್ರ. ಅದಕ್ಕೇ ಸಂತಾಪದ ಮೆಸೇಜಿನಲ್ಲಿ ನಗುಮುಖ ಮತ್ತು ಬಣ್ಣದ ಹಾರ್ಟ್ ಬೇಡವೇ ಬೇಡ ಅಂತ ನನ್ನ ವಾದ.

ಮೊದಲು ಆ 😂 ಎಲ್ಲಿಂದ ಬರುತ್ತೆ ನೋಡೋಣ. ವಾಟ್ಸಾಪಿಗೆ 2022ರಲ್ಲಿ ರಿಯಾಕ್ಷನ್ ಸೌಲಭ್ಯ ಬಂದಾಗ ಕೊಟ್ಟಿದ್ದು ಆರೇ ಚಿಹ್ನೆ: 👍 ❤️ 😂 😮 😢 🙏. ಇವುಗಳಲ್ಲಿ ಕಣ್ಣೀರು ಇರುವ ಮುಖ ಎರಡು. 😂 ನಕ್ಕು ನಕ್ಕು ಬಂದ ಕಣ್ಣೀರು, 😢 ದುಃಖದ್ದು. ಸಣ್ಣ ಪರದೆಯಲ್ಲಿ, ಕನ್ನಡಕ ಇಲ್ಲದೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಫ್ಯಾಮಿಲಿ ಗ್ರೂಪಲ್ಲಿ ದೊಡ್ಡವರು ಅಳುವ ಮುಖ ಅಂತಲೇ ತಿಳಿದು 😂 ಹಾಕೋದು ಇದಕ್ಕೇ. ನಮ್ಮ ವಯಸ್ಸಿನವರಲ್ಲಿ ಗೊಂದಲ ಉಲ್ಟಾ. ನಾವು 😭 ಮತ್ತು 🥀 ಎರಡನ್ನೂ ಮೀಮ್‌ಗಳಲ್ಲಿ ತಮಾಷೆಗೆ ಬಳಸಿ ಬಳಸಿ ಅವುಗಳ ದುಃಖವೇ ಹೋಗಿಬಿಟ್ಟಿದೆ. ಇಂಟರ್ನಲ್ಸ್ ಮಾರ್ಕ್ಸ್‌ಗೆ ಹಾಕುವ ಅದೇ 😭ಯನ್ನು ಗೆಳೆಯನ ಅಪ್ಪನ ಸಾವಿಗೂ ಹಾಕಿದರೆ ಅವನು ಅದನ್ನು ಹೇಗೆ ಓದಬೇಕು?

ಇನ್ನೊಂದು ನಗು ಒಳ್ಳೆಯ ಮನಸ್ಸಿನಿಂದಲೇ ಬರುತ್ತೆ. “ಧೈರ್ಯವಾಗಿರು 🙂” ಅಂತ. ಸಮಾಧಾನ ಮಾಡಬೇಕು ಅನ್ನೋದು ಆಸೆ. ಆದರೆ ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವಾಗ “ಹೋಗಿ ಬರ್ತೀನಿ” ಅಂತ ಕೂಡ ಹೇಳಲ್ಲ. ಸುಮ್ಮನೆ ಎದ್ದು ಬರ್ತೀವಿ. ಆ ಮನೆಯ ಬಾಗಿಲಲ್ಲಿ ನಿಂತು ಯಾರೂ ನಗಲ್ಲ. ಮೆಸೇಜಿನ ಕೊನೆಯಲ್ಲಿ ಮುಖದ ಎಮೋಜಿ ಹಾಕಿದರೆ ಓದುವವರಿಗೆ ಅದು ನಮ್ಮದೇ ಮುಖ. ಅಲ್ಲಿ ನಗು ಇದ್ದರೆ, ಬಾಗಿಲಲ್ಲಿ ನಿಂತು ನಕ್ಕ ಹಾಗೇ.

😥 ಕೂಡ ನಂಬಿಕೆಗೆ ಅರ್ಹ ಅಲ್ಲ. ಅಳುವ ಮುಖದ ಹಾಗೇ ಇದೆ ಅನ್ಸುತ್ತೆ. ಆದರೆ ಯೂನಿಕೋಡಿನಲ್ಲಿ ಅದರ ಹೆಸರಿನ ಅರ್ಥವೇ ‘ಬೇಸರ ಆದರೂ ನಿರಾಳವಾದ ಮುಖ’. ಆ ಹನಿ ಬೆವರು. ಸಾವಿನ ಸುದ್ದಿಗೆ ನಿರಾಳವೇ?

ಈಗ ಹಾರ್ಟ್ ವಿಷಯ. “ಕೆಂಪು ಹಾರ್ಟ್ ಅಂದ್ರೆ ಪ್ರೀತಿ ತಾನೇ, ಅದರಲ್ಲೇನು ತಪ್ಪು?” ಅಂತ ಬಹಳ ಜನ ಕೇಳ್ತಾರೆ. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ರಿಪ್ಲೈ ಹೋಗೋದು ವ್ಯಕ್ತಿಗೆ, ರಿಯಾಕ್ಷನ್ ಅಂಟಿಕೊಳ್ಳೋದು ವಾಕ್ಯಕ್ಕೆ. “ಅಪ್ಪ ತೀರಿಕೊಂಡರು” ಅನ್ನೋ ವಾಕ್ಯದ ಕೆಳಗೆ ❤️ ಕೂತರೆ, ‘ನಿನ್ನ ಜೊತೆ ಇದ್ದೀನಿ’ ಅನ್ನೋದಕ್ಕಿಂತ ಮೊದಲು ‘ಲೈಕ್’ ಅಂತಲೇ ಕಾಣುತ್ತೆ. ಇನ್‌ಸ್ಟಾಗ್ರಾಂ ನಮಗೆ ಕಲಿಸಿರೋದೇ ಅದು. 👍 ಕಥೆಯೂ ಅಷ್ಟೇ. ಇನ್ನು ❤️ ಒಂದನ್ನೇ ಮೆಸೇಜಾಗಿ ಕಳಿಸಿದರೆ ವಾಟ್ಸಾಪಿನಲ್ಲಿ ಅದು ದೊಡ್ಡದಾಗಿ ಬಡಿದುಕೊಳ್ಳೋಕೆ ಶುರು ಮಾಡುತ್ತೆ. ಮಿಂಚುವ 💖 ಅಂತೂ ಬರ್ತ್‌ಡೇ ಕೇಕಿನ ಪಕ್ಕಕ್ಕೇ ಸರಿ. ಜೀವದ ಗೆಳೆಯರಿಬ್ಬರು ತಮ್ಮ ಖಾಸಗಿ ಚಾಟಲ್ಲಿ ದಿನಾ ಬಳಸುವ ಹಾರ್ಟ್ ಬೇರೆ, ಅದರ ಅರ್ಥ ಅವರಿಬ್ಬರಿಗೆ ಗೊತ್ತು. ಅರವತ್ತು ಜನರ ಗ್ರೂಪಿನಲ್ಲಿ ಆ ಅರ್ಥ ಉಳಿಯಲ್ಲ.

ಹಾಗಾದರೆ ಯಾವುದು ಸರಿ? ನನ್ನ ಲೆಕ್ಕ ಸರಳ: ಚಿಹ್ನೆಯಲ್ಲಿ ಮುಖ ಇರಬಾರದು, ಸಂಭ್ರಮದ ಬಣ್ಣ ಇರಬಾರದು, ಎರಡನೇ ಅರ್ಥ ಆದಷ್ಟು ಕಡಿಮೆ ಇರಬೇಕು. ಈ ಲೆಕ್ಕದಲ್ಲಿ ಮೊದಲು ನಿಲ್ಲೋದು 🙏. ನಾವು ಸಾವಿನ ಮನೆಯಲ್ಲಿ ನಿಜವಾಗಿ ಮಾಡೋದೂ ಅದನ್ನೇ, ಮಾತಿಲ್ಲದೆ ಕೈ ಮುಗಿಯೋದು. ಥ್ಯಾಂಕ್ಸ್, ಪ್ಲೀಸ್ ಅಂತಲೂ ಅದನ್ನು ಬಳಸ್ತೀವಿ, ಆದರೆ ಸಂತಾಪದ ಮಾತಿನ ಪಕ್ಕ ಅದನ್ನು ಯಾರೂ ತಪ್ಪಾಗಿ ಓದಲ್ಲ. ಮೇಣದಬತ್ತಿ 🕯️ ಮತ್ತು ಪಾರಿವಾಳ 🕊️ ಕೂಡ ಮೆಲ್ಲಗಿನ ಚಿಹ್ನೆಗಳೇ. ಹಾರ್ಟೇ ಬೇಕು ಅಂದರೆ ಬಿಳಿಯದು 🤍, ಅದೂ ಹತ್ತಿರದವರಿಗೆ. ಮುಸ್ಲಿಂ ಗೆಳೆಯರ ಮನೆಯ ಸಾವಿಗೆ ಅಂಗೈ ತೆರೆದ 🤲 ಹೆಚ್ಚು ಹೊಂದುತ್ತೆ, ದುಆ ಮಾಡುವಾಗ ಅವರು ಕೈ ಹಿಡಿಯೋದು ಹಾಗೇ.

ಹೂಗಳಲ್ಲಿ ಮಾತ್ರ ಸ್ವಲ್ಪ ಹುಷಾರು. 💮 ನೋಡೋಕೆ ಬಿಳಿ ಹೂವು, ಸಂತಾಪಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದು ಜಪಾನಿನ ಶಾಲೆಗಳಲ್ಲಿ ಹೋಮ್‌ವರ್ಕ್ ಚೆನ್ನಾಗಿ ಮಾಡಿದವರಿಗೆ ಟೀಚರ್ ಒತ್ತುವ ಮುದ್ರೆ, ‘ಭೇಷ್’ ಅಂತ! 💐 ನಮ್ಮಲ್ಲಿ ಅಭಿನಂದನೆಯ ಹೂಗುಚ್ಛ. ಹಣತೆ 🪔 ವಿಷಯದಲ್ಲಿ ನನಗೇ ಎರಡು ಮನಸ್ಸು. ತೀರಿಕೊಂಡವರ ಹತ್ತಿರ ದೀಪ ಹಚ್ಚಿಡೋದು ಎಷ್ಟೋ ಮನೆಗಳ ಪದ್ಧತಿ, ಆದರೆ ಫೋನಿನಲ್ಲಿ ಆ ಹಣತೆ ಬರೋದು ದೀಪಾವಳಿ ಶುಭಾಶಯದ ಜೊತೆಗೇ. ಇನ್ನೊಂದು ತೊಂದರೆಯೂ ಇದೆ. 🪔, 🤍 ಎರಡೂ ಯೂನಿಕೋಡಿಗೆ ಸೇರಿದ್ದು 2019ರಲ್ಲಿ. ಹಳೇ ಫೋನಿನಲ್ಲಿ ಅವುಗಳ ಜಾಗದಲ್ಲಿ ಬರೀ ಚೌಕ ಡಬ್ಬಿ ಕಾಣುತ್ತೆ. ಗೆಳೆಯನ ಅಮ್ಮನ ಕೈಯಲ್ಲಿ ಅಂಥ ಫೋನ್ ಇರಬಹುದು. 🙏 ಹಳೆಯದು, ಎಲ್ಲದರಲ್ಲೂ ಬರುತ್ತೆ.

ಒಂದು ಉದಾಹರಣೆ ತಗೊಳ್ಳೋಣ. ಹಾಸ್ಟೆಲ್ ಹುಡುಗ ಊರಿಂದ ಗ್ರೂಪಿಗೆ ಹೀಗೆ ಹಾಕ್ತಾನೆ ಅಂದ್ಕೊಳ್ಳಿ: “ಇವತ್ತು ಬೆಳಗ್ಗೆ ಅಪ್ಪ ತೀರಿಕೊಂಡರು. ಎರಡು ವಾರ ಬರಲ್ಲ. ಲ್ಯಾಬ್ ಬ್ಯಾಚಿನವರು ಮೇಡಂಗೆ ಹೇಳಿ.” ಇದಕ್ಕೆ “RIP uncle 💔💔😭 stay strong 🙂” ಅಂತ ಬಂದರೆ ಒಂದೇ ಸಾಲಲ್ಲಿ ಪ್ರೇಮಭಂಗ, ಮೀಮ್, ನಗು ಮೂರೂ ಬಂದವು, ಅವನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅದರ ಬದಲು ಅವನ ಲ್ಯಾಬ್ ಪಾರ್ಟ್ನರ್ ಹೀಗೆ ಬರೆಯಬಹುದು: “ಅಪ್ಪನ ವಿಷಯ ತಿಳಿದು ತುಂಬಾ ಸಂಕಟ ಆಯ್ತು ಕಣೋ. ಮೇಡಂಗೆ ನಾನು ಹೇಳ್ತೀನಿ, ರೆಕಾರ್ಡ್ ಬಗ್ಗೆ ಯೋಚನೆ ಬಿಡು. ಇದಕ್ಕೆ ರಿಪ್ಲೈ ಮಾಡ್ಬೇಕು ಅಂತೇನಿಲ್ಲ. 🙏”

ಇಲ್ಲಿ ದುಃಖ ಹೇಳಿದ್ದು ಮಾತು. ಚಿಹ್ನೆ ಒಂದೇ, ಅದೂ ಕೊನೆಯಲ್ಲಿ. ಮಾತೇ ತೋಚದಿದ್ದರೆ ಬರೀ 🙏 ಸಾಕು, ಅದರಲ್ಲಿ ಕೊರತೆ ಏನಿಲ್ಲ. ಆದರೆ ಮೂರು ನಾಲ್ಕು ಚಿಹ್ನೆ ಸಾಲಾಗಿ ಬೇಡ. ಚಿಹ್ನೆ ಹೆಚ್ಚಾದಷ್ಟೂ ಅದು ಅಲಂಕಾರ ಆಗುತ್ತೆ.

ಕೈ ತಪ್ಪಿ 😂 ಬಿದ್ದರೆ ಗಾಬರಿ ಬೇಡ. ಆ ರಿಯಾಕ್ಷನ್ ಮೇಲೆ ಮತ್ತೆ ಒತ್ತಿ ತೆಗೆದರೆ ಹೋಗುತ್ತೆ, ಚಾಟಲ್ಲಿ ಗುರುತು ಉಳಿಯಲ್ಲ. ಕಳಿಸಿದ ಮೆಸೇಜಲ್ಲೇ ತಪ್ಪಾಗಿದ್ದರೆ ಹದಿನೈದು ನಿಮಿಷದ ಒಳಗೆ ಎಡಿಟ್ ಮಾಡಬಹುದು. ಡಿಲೀಟ್ ಮಾಡಿದರೆ ‘ಮೆಸೇಜ್ ಅಳಿಸಲಾಗಿದೆ’ ಅನ್ನೋ ಸಾಲು ಉಳಿದು, ಇವನೇನು ಬರೆದಿದ್ದ ಅಂತ ಅವನು ಇನ್ನೂ ಯೋಚಿಸ್ತಾನೆ. ಬೇರೆಯವರ 😂 ಕಣ್ಣಿಗೆ ಬಿದ್ದರೆ ಗ್ರೂಪಲ್ಲಿ ಬೈಯೋಕೆ ಹೋಗಬೇಡಿ. ಅವರಿಗೊಂದು ಪರ್ಸನಲ್ ಮೆಸೇಜ್ ಹಾಕಿ, “ನೋಡ್ಕೋ, ಅದು ನಗೋದು” ಅಂತ. ಗೆಳೆಯ ಫೋನ್ ತೆಗೆಯೋದರೊಳಗೆ ಅದು ಹೋಗಿರಲಿ.