ಸಾಲದ ಹಣ ಷೇರಿನ ಬೆಲೆಯೊಳಗೆ ಹೇಗೆ ನುಸುಳುತ್ತದೆ?

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ಕನ್ನಡದವರ ಒಂದು ಮೇಜಿದೆ. ಕ್ರಿಕೆಟ್ ಮುಗಿದರೆ ಮಾತು ಷೇರಿನತ್ತ ಹೊರಳುತ್ತದೆ. ಕಳೆದ ತಿಂಗಳು ವಿಜಯಪುರದ ಕಿರಿಯ ಸಹೋದ್ಯೋಗಿಯೊಬ್ಬ ಒಂದು ಬ್ರೋಕರೇಜ್ ವರದಿಯನ್ನು ಮೊಬೈಲಿನಲ್ಲಿ ತೋರಿಸಿ, ‘ಅಣ್ಣಾರ, ಸಾವಿರ ಕೋಟಿಗೆ ಸಿಗಾಕತ್ತೈತಿ, ಬೆಲೆ ನೋಡಿದ್ರ ಒಂದೂವರೆ ಸಾವಿರ ಕೋಟಿ ಐತಂತ’ ಎಂದ. ಆ ರಾತ್ರಿ ಲೆಕ್ಕವನ್ನು ಎಕ್ಸೆಲ್‌ಗೆ ಇಳಿಸಿ ನೋಡಿದೆ. ಕೂಡಿಸಿ ಕಳೆದದ್ದರಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ, ‘ನಿವ್ವಳ ಸಾಲ’ ಎಂಬ ಸಾಲಿನಲ್ಲಿ.

ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಿಂದ ಜೂನ್‌ವರೆಗೆ ಮೂರು ಕಂತುಗಳಲ್ಲಿ ರೆಪೊ ದರವನ್ನು ಶೇ 6.5ರಿಂದ ಶೇ 5.5ಕ್ಕೆ ಇಳಿಸಿತು. ಬಡ್ಡಿ ಇಳಿದಾಗ ಕಂಪನಿಗಳು ಹೆಚ್ಚು ಸಾಲ ಮಾಡುವುದು ಸಹಜ. ಆ ಸಾಲ ಷೇರುದಾರರ ಗಳಿಕೆಯ ವೇಷ ತೊಟ್ಟು ವರದಿಗಳಲ್ಲಿ ಕಾಣಿಸಿಕೊಳ್ಳುವ ಕಾಲವೂ ಇದೇ. ಆದ್ದರಿಂದ ಈ ಲೆಕ್ಕವನ್ನು ನಾವೇ ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ವಿಧಾನ ಹೀಗಿದೆ. ಕಂಪನಿಯ ನಿವ್ವಳ ಲಾಭಕ್ಕೆ ಸವಕಳಿಯನ್ನು ಕೂಡಿಸಬೇಕು, ಏಕೆಂದರೆ ಅದು ಕೈಯಿಂದ ಹೋದ ಹಣವಲ್ಲ. ಯಂತ್ರ, ಕಟ್ಟಡಗಳಿಗೆ ಹಾಕಿದ ಬಂಡವಾಳ ವೆಚ್ಚವನ್ನೂ, ದಾಸ್ತಾನು ಮತ್ತು ಬಾಕಿ ವಸೂಲಿಯಲ್ಲಿ ಹೆಚ್ಚುವರಿಯಾಗಿ ಸಿಕ್ಕಿಕೊಂಡ ದುಡಿಯುವ ಬಂಡವಾಳವನ್ನೂ ಕಳೆಯಬೇಕು. ಕೊನೆಗೆ ಹೊಸ ಸಾಲದಲ್ಲಿ ಹಳೆಯ ಸಾಲದ ಮರುಪಾವತಿಯನ್ನು ಕಳೆದು ಉಳಿದದ್ದನ್ನು, ಅಂದರೆ ನಿವ್ವಳ ಸಾಲವನ್ನು, ಕೂಡಿಸಬೇಕು. ಬಂದದ್ದು ಷೇರುದಾರರಿಗೆ ಉಳಿಯುವ ನಗದು. ಇದನ್ನು ಎಫ್‌ಸಿಎಫ್‌ಇ ಎನ್ನುತ್ತಾರೆ. ಮುಂದಿನ ವರ್ಷಗಳ ಈ ನಗದನ್ನು ಷೇರುದಾರರು ನಿರೀಕ್ಷಿಸುವ ಪ್ರತಿಫಲ ದರದಲ್ಲಿ, ಅಂದರೆ ಈಕ್ವಿಟಿ ವೆಚ್ಚದಲ್ಲಿ, ಇಂದಿನ ಮೌಲ್ಯಕ್ಕೆ ಇಳಿಸಿದರೆ ಷೇರು ಬಂಡವಾಳದ ಒಟ್ಟು ಬೆಲೆ ಸಿಗುತ್ತದೆ.

ಆ ಕಂಪನಿಯ ಹೆಸರು ಬೇಡ. ಅಂಕಿಗಳನ್ನು ಸುಲಭಕ್ಕೆ ದುಂಡಾಗಿಸಿದ್ದೇನೆ. ಲಾಭ 100 ಕೋಟಿ, ಸವಕಳಿ 40 ಕೋಟಿ, ಬಂಡವಾಳ ವೆಚ್ಚ 90 ಕೋಟಿ, ದುಡಿಯುವ ಬಂಡವಾಳದ ಹೆಚ್ಚಳ 10 ಕೋಟಿ. ಇಲ್ಲಿಗೆ ಉಳಿದದ್ದು 40 ಕೋಟಿ. ಆ ವರ್ಷ ಕಂಪನಿ 80 ಕೋಟಿ ಹೊಸ ಸಾಲ ತಂದು 20 ಕೋಟಿ ಹಳೆಯದನ್ನು ತೀರಿಸಿತ್ತು. ನಿವ್ವಳ ಸಾಲ 60 ಕೋಟಿ ಸೇರಿದ್ದೇ ತಡ, ಷೇರುದಾರರ ನಗದು 100 ಕೋಟಿ ಆಯಿತು. ಈಕ್ವಿಟಿ ವೆಚ್ಚ ಶೇ 13, ಬೆಳವಣಿಗೆ ಶೇ 6 ಎಂದು ವರದಿ ಹಿಡಿದಿತ್ತು. ಮುಂದಿನ ವರ್ಷದ 106 ಕೋಟಿಯನ್ನು ಈ ಎರಡು ದರಗಳ ಅಂತರವಾದ ಶೇ 7ರಿಂದ ಭಾಗಿಸಿದರೆ ಸುಮಾರು 1,514 ಕೋಟಿ. ಗೆಳೆಯನ ಒಂದೂವರೆ ಸಾವಿರ ಕೋಟಿ ಬಂದದ್ದು ಹೀಗೆ.

ಈ ಸೂತ್ರದ ಅರ್ಥವೇನು? ಆ ಒಂದು ವರ್ಷದ 60 ಕೋಟಿ ಸಾಲ ಇನ್ನು ಮುಂದೆಯೂ ಪ್ರತಿವರ್ಷ ಶೇ 6ರಷ್ಟು ಹೆಚ್ಚುತ್ತಾ ಸಿಗುತ್ತಲೇ ಇರುತ್ತದೆ ಎಂದು. ಕಂಪನಿಯ ಮೇಲಿದ್ದ ಸಾಲ 300 ಕೋಟಿ, ಅಂದರೆ ಲಾಭದ ಮೂರು ಪಟ್ಟು. ವರದಿಯ ಲೆಕ್ಕದಂತೆ ಹೋದರೆ ಹತ್ತು ವರ್ಷಕ್ಕೆ ಅದು ಸುಮಾರು 1,140 ಕೋಟಿ. ಶೇ 6ರಂತೆ ಬೆಳೆದ ಲಾಭ ಆಗ 179 ಕೋಟಿ ಮಾತ್ರ. ಸಾಲ ಲಾಭದ ಆರು ಪಟ್ಟು ದಾಟಿತು. ಏರಿದ ಬಡ್ಡಿ ಲಾಭವನ್ನು ತಿನ್ನುತ್ತದೆ ಎಂಬುದನ್ನು ವರದಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಹಾಗೆಂದು ನಿವ್ವಳ ಸಾಲವನ್ನು ಪೂರ್ತಿ ಕೈಬಿಡುವುದೂ ಸರಿಯಲ್ಲ. ಬೆಳೆಯುವ ಕಂಪನಿ ತನ್ನ ವಿಸ್ತರಣೆಗೆ ಒಂದು ಪಾಲು ಸಾಲ ತರುವುದು ನಿಜ. ಸಾಲವೇ ಇಲ್ಲ ಎಂದುಕೊಂಡರೆ ಬೆಲೆ ಸುಮಾರು 606 ಕೋಟಿಗೆ ಕುಸಿಯುತ್ತದೆ. ಅದು ಇನ್ನೊಂದು ತುದಿಯ ತಪ್ಪು. ಸರಿಯಾದ ಪ್ರಶ್ನೆ ಇಷ್ಟೇ: ವ್ಯವಹಾರ ಬೆಳೆಯುವ ವೇಗದಲ್ಲೇ ಸಾಲವೂ ಬೆಳೆದರೆ ವರ್ಷಕ್ಕೆ ಎಷ್ಟು ಸಾಲ ಬೇಕು? 300 ಕೋಟಿಯ ಶೇ 6 ಎಂದರೆ 18 ಕೋಟಿ. ಆಗ ಷೇರುದಾರರ ನಗದು 58 ಕೋಟಿ. ಅದೇ ಸೂತ್ರಕ್ಕೆ ಹಾಕಿದರೆ ಬೆಲೆ ಸುಮಾರು 878 ಕೋಟಿ. ಸಾವಿರ ಕೋಟಿಗೆ ಮಾರುತ್ತಿದ್ದ ಷೇರು ಅಗ್ಗವಾಗಿರಲಿಲ್ಲ, ಸ್ವಲ್ಪ ದುಬಾರಿಯೇ ಆಗಿತ್ತು.

ಸಾಲ ಹೆಚ್ಚಿಸಿಕೊಂಡೇ ಹೋಗುತ್ತೇವೆ ಎನ್ನುವ ಕಂಪನಿಯೂ ಇರಬಹುದು. ಆಗ ಶೇ 13 ಎಂಬ ದರ ನಿಲ್ಲುವುದಿಲ್ಲ. ಬಡ್ಡಿ ಕಟ್ಟಿ ಉಳಿದದ್ದಷ್ಟೇ ಷೇರುದಾರರಿಗೆ ಬರುವುದರಿಂದ ಸಾಲ ಹೆಚ್ಚಿದಷ್ಟೂ ಅವರ ಅಪಾಯ ಹೆಚ್ಚುತ್ತದೆ. ಸರ್ಕಾರಿ ಬಾಂಡ್ ಶೇ 6.5, ಷೇರುಪೇಟೆಯ ಅಪಾಯಕ್ಕೆ ಇನ್ನೂ ಶೇ 6.5, ಬೀಟಾ 1 ಎಂದು ಹಿಡಿದಾಗ ಶೇ 13 ಬರುತ್ತದೆ. ಈ ಬೀಟಾ, ಸಾಲ ಷೇರು ಬಂಡವಾಳದ ಮೂರನೇ ಒಂದು ಪಾಲು ಇದ್ದಾಗಿನದು. ಎರಡೂ ಸಮವಾದರೆ, ಶೇ 25 ತೆರಿಗೆಯ ಲೆಕ್ಕದಲ್ಲಿ, ಬೀಟಾ 1.4ಕ್ಕೆ ಏರಿ ಈಕ್ವಿಟಿ ವೆಚ್ಚ ಶೇ 15.6 ಆಗುತ್ತದೆ. ಆ 106 ಕೋಟಿಯನ್ನೇ ಈ ದರಕ್ಕೆ ಇಳಿಸಿದರೆ 1,514 ಕೋಟಿ ಇದ್ದದ್ದು ಸುಮಾರು 1,104 ಕೋಟಿಗೆ ಬರುತ್ತದೆ. ಮೇಲಿನ ಸಾಲಿನಲ್ಲಿ ಸಾಲ ಸೇರಿಸಿ, ಕೆಳಗೆ ಹಳೆಯ ದರವನ್ನೇ ಇಟ್ಟರೆ ಒಂದೇ ಮನೆಗೆ ಎರಡು ಬಾಗಿಲಿಂದ ಬಾಡಿಗೆ ವಸೂಲಿ ಮಾಡಿದಂತೆ.

ಇನ್ನೆರಡು ತಪ್ಪುಗಳು ಪದೇ ಪದೇ ಕಾಣುತ್ತವೆ. ಒಂದು, ಷೇರುದಾರರ ನಗದನ್ನು ಸಾಲ ಮತ್ತು ಷೇರಿನ ಸರಾಸರಿ ವೆಚ್ಚದಿಂದ ಇಳಿಸುವುದು. ಶೇ 9 ಬಡ್ಡಿಯ ಸಾಲ ಕಾಲು ಪಾಲಿದ್ದರೆ, ತೆರಿಗೆ ಕಳೆದು ಆ ಸರಾಸರಿ ಸುಮಾರು ಶೇ 11.4, 878 ಕೋಟಿಯ ಕಂಪನಿ ಅದರಲ್ಲಿ 1,130 ಕೋಟಿಯಾಗಿ ಕಾಣುತ್ತದೆ. ಇನ್ನೊಂದು, ಬಂದ ಬೆಲೆಯಿಂದ ಮತ್ತೆ ಸಾಲ ಕಳೆಯುವುದು. ಬಡ್ಡಿ, ಮರುಪಾವತಿ ಆಗಲೇ ಲೆಕ್ಕದಲ್ಲಿ ಇರುವುದರಿಂದ 878 ಕೋಟಿಯೇ ಷೇರುದಾರರ ಪಾಲು.

ಒಂದು ವರ್ಷದ ನಗದು ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಹಿಂದೂಸ್ತಾನ್ ಝಿಂಕ್‌ನ 2022–23ನೇ ಸಾಲನ್ನು ನೋಡಬಹುದು. ಆ ವರ್ಷದ ಲಾಭ ಸುಮಾರು 10,500 ಕೋಟಿ. ಘೋಷಿಸಿದ ಲಾಭಾಂಶ ಷೇರಿಗೆ 75.50 ರೂಪಾಯಿ, ಒಟ್ಟು ಸುಮಾರು 31,900 ಕೋಟಿ. ಕೂಡಿಟ್ಟ ನಗದು ಕರಗಿತು, ಸಾಲ ಹೆಚ್ಚಿತು. ಇದರಲ್ಲಿ ಅಕ್ರಮವೇನಿಲ್ಲ. ಆದರೆ ಆ ವರ್ಷದ ಲಾಭಾಂಶವನ್ನು ಪ್ರತಿವರ್ಷದ ಫಸಲು ಎಂದು ಎಣಿಸಿದವರ ಲೆಕ್ಕ ತಪ್ಪುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ವಾರ್ಷಿಕ ವರದಿಯ ನಗದು ಹರಿವಿನ ಪಟ್ಟಿಯಲ್ಲಿ ಹಣಕಾಸು ಚಟುವಟಿಕೆಗಳ ಭಾಗಕ್ಕೆ ಹೋಗಿ, ಐದು ವರ್ಷಗಳ ಸಾಲ ಪಡೆದದ್ದು, ತೀರಿಸಿದ್ದು ಎರಡನ್ನೂ ಬರೆದುಕೊಳ್ಳಿ. ಅಂಗಡಿ, ಗೋದಾಮು ಗುತ್ತಿಗೆಗೆ ಪಡೆಯುವ ಕಂಪನಿಗಳಲ್ಲಿ ಗುತ್ತಿಗೆ ಹೊಣೆಯ ಅಸಲಿನ ಪಾವತಿಯೂ ಅಲ್ಲೇ ಇರುತ್ತದೆ, ಅದನ್ನೂ ಕಳೆಯಿರಿ. ಸಾಲ ವ್ಯವಹಾರಕ್ಕಿಂತ ವೇಗವಾಗಿ ಬೆಳೆದಿದ್ದರೆ ಸರಾಸರಿಯನ್ನೂ ನಂಬಬೇಡಿ. ಬ್ಯಾಂಕು, ಎನ್‌ಬಿಎಫ್‌ಸಿಗಳಿಗೆ ಮಾತ್ರ ಈ ಲೆಕ್ಕ ಹೀಗೆಯೇ ಒಗ್ಗದು; ಅಲ್ಲಿ ಸಾಲವೇ ಕಚ್ಚಾ ಸರಕು.

ಮರುದಿನ ಊಟದ ಹೊತ್ತಿಗೆ 878 ಎಂದು ಬರೆದ ಚೀಟಿಯನ್ನು ಗೆಳೆಯನ ಮುಂದಿಟ್ಟೆ. ಅವನು ನಿವ್ವಳ ಸಾಲದ ಸಾಲನ್ನೇ ಎರಡು ಬಾರಿ ಓದಿ, ‘ಹಂಗಾರ ಆ ಆರನೂರು ಕೋಟಿ ಬ್ಯಾಂಕಿಂದು ಅನ್ರಿ’ ಎಂದ. ಹೌದು, ಅದನ್ನು ಬ್ಯಾಂಕು ಬಡ್ಡಿ ಸಮೇತ ವಾಪಸು ಕೇಳುತ್ತದೆ.