ಬಾಣಂತಿ ತಟ್ಟೆಯಲ್ಲಿ ಬರೀ ಬಿಳಿ ಅನ್ನ

"ಬಾಣಂತಿಗೆ ಬ್ಯಾಳಿ ಕೊಡಬ್ಯಾಡ್ರಿ, ಕೂಸಿಗೆ ವಾಯು ಆಗ್ತದ." ರಾಯಚೂರು ಕಡೆಯ ಮನೆಗಳಲ್ಲಿ ಈ ಮಾತು ಇನ್ನೂ ಕಿವಿಗೆ ಬೀಳ್ತದೆ. ರೊಟ್ಟಿ ಅರಗಂಗಿಲ್ಲ ಅಂತ ಅದನ್ನೂ ಬಿಡಿಸ್ತಾರೆ. ಆಮೇಲೆ ಉಳಿಯೋದು ಮೆತ್ತಗಿನ ಬಿಳಿ ಅನ್ನ, ತುಪ್ಪ, ತಿಳಿಸಾರು. ಎಲ್ಲರ ಮನೆಯಲ್ಲೂ ಹೀಗೇ ಅಂತಲ್ಲ, ಆದರೆ ಇರುವ ಮನೆಯಲ್ಲಿ ತೊಂದರೆ ಆಗೋದು ಕೂಸಿಗೆ.

ಥಯಾಮಿನ್, ಅಂದರೆ ಬಿ1 ವಿಟಮಿನ್, ಅಕ್ಕಿಯ ತವುಡಿನ ಪದರ ಮತ್ತು ಮೊಳಕೆ ಭಾಗದಲ್ಲಿ ಇರ್ತದೆ. ಮಿಲ್ಲಿನಲ್ಲಿ ಪಾಲಿಶ್ ಮಾಡಿದಾಗ ಅದು ತವುಡಿನ ಜೊತೆ ಹೋಗಿಬಿಡ್ತದೆ. ಇದು ನೀರಲ್ಲಿ ಕರಗುವ ವಿಟಮಿನ್. ಉಳಿದಿದ್ದನ್ನು ನಾವು ನಾಲ್ಕು ಸಲ ತೊಳೆದು, ಗಂಜಿ ಬಸಿದು ಕಳೀತೀವಿ. ದೇಹದಲ್ಲಿ ಇದರ ಸಂಗ್ರಹವೂ ಎರಡು-ಮೂರು ವಾರಕ್ಕಷ್ಟೇ. ತಾಯಿಗೆ ಕಡಿಮೆಯಾದರೆ ಹಾಲಲ್ಲೂ ಕಡಿಮೆ.

ಲೆಕ್ಕ ಹಾಕಿ ನೋಡ್ರಿ. ಹಾಲುಣಿಸುವ ತಾಯಿಗೆ ದಿನಕ್ಕೆ ಒಂದೂವರೆಯಿಂದ ಎರಡು ಮಿಲಿಗ್ರಾಂ ಬೇಕು. 300 ಗ್ರಾಂ ಪಾಲಿಶ್ ಅಕ್ಕಿಯಲ್ಲಿ, ತೊಳೆಯುವ ಮೊದಲೇ, ಸಿಗೋದು ಸುಮಾರು 0.2. ಅದೇ 200 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 0.7. ಒಂದು ಹಿಡಿ ತೊಗರಿಬ್ಯಾಳಿಯಲ್ಲಿ ಕಾಲು ಮಿಲಿಗ್ರಾಂ, ಮೇಲೆ ಶೇಂಗಾ ಹಿಂಡಿ ಬೇರೆ. ಮಾನ್ವಿ ಕಡೆ ಕಾಲುವೆ ನೀರು ಬಂದು ಭತ್ತ ಹೆಚ್ಚಾಯಿತು, ಸೋನಾ ಮಸೂರಿ ದಿನದ ಊಟವಾಯಿತು. ಆದರೆ ದೇವದುರ್ಗದ ಮಳೆ ನಂಬಿದ ಹೊಲಗಳ ಜೋಳ, ತೊಗರಿ ಇನ್ನೂ ಕೈಗೆಟುಕುವಷ್ಟು ಹತ್ತಿರದಲ್ಲೇ ಇವೆ.

ಕೂಸಿನಲ್ಲಿ ಇದು ಹೆಚ್ಚಾಗಿ ಎರಡು-ಮೂರು ತಿಂಗಳಿಗೆ ಕಾಣಿಸಿಕೊಳ್ತದೆ. ಮೊದಲು ಹಾಲು ಬಿಡ್ತದೆ, ವಾಂತಿ ಮಾಡ್ತದೆ. ಅಳ್ತದೆ, ಆದರೆ ದನಿ ಒಡೆದಂಗೆ, ಕೆಲವೊಮ್ಮೆ ಸದ್ದೇ ಇರಂಗಿಲ್ಲ. ಆಮೇಲೆ ಉಸಿರು ಬಿರುಸಾಗಿ, ಹೃದಯದ ಮೇಲೆ ಭಾರ ಬೀಳ್ತದೆ. ನ್ಯುಮೋನಿಯಾ ಅಂತಲೇ ಅನಿಸ್ತದೆ. ತಾಯಿ ನೋಡೋಕೆ ಗಟ್ಟಿಮುಟ್ಟಾಗಿಯೇ ಇರಬಹುದು, ಹೆಚ್ಚೆಂದರೆ ಕಾಲು ಜೋಮು ಹಿಡೀತದೆ ಅಂತಾಳೆ. ಹುಬ್ಬಳ್ಳಿ ಕಿಮ್ಸ್ ಮತ್ತು ಬೆಂಗಳೂರಿನ ಜಯದೇವ ಸಂಸ್ಥೆಯ ವೈದ್ಯರು ಇಂಥ ಎದೆಹಾಲಿನ ಕೂಸುಗಳ ಬಗ್ಗೆ ಅಧ್ಯಯನ ಪ್ರಕಟಿಸಿದ್ದಾರೆ. ಆ ತಾಯಂದಿರ ಊಟವೂ ಪಥ್ಯದ ಬಿಳಿ ಅನ್ನವೇ ಆಗಿತ್ತು. ಥಯಾಮಿನ್ ಇಂಜೆಕ್ಷನ್ ಕೊಟ್ಟರೆ ಇಂಥ ಕೂಸು ಕೆಲವೇ ಗಂಟೆ, ಇಲ್ಲವೇ ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳಬಹುದು. ತಡ ಮಾಡಿದರೆ ಜೀವಕ್ಕೇ ಅಪಾಯ. ಆದ್ದರಿಂದ ಆಸ್ಪತ್ರೆಗೆ ಹೋದಾಗ ತಾಯಿ ಏನು ಉಣ್ಣುತ್ತಾಳೆ ಅನ್ನೋದನ್ನ ಡಾಕ್ಟರು ಕೇಳದಿದ್ದರೂ ಹೇಳಿ.

ಹಿರಿಯರ ಜೊತೆ ಜಗಳ ಬ್ಯಾಡ. ರೊಟ್ಟಿಯನ್ನು ಬಿಸಿ ಸಾರಿನಲ್ಲಿ ನೆನೆಸಿ ಕೊಡಿ, ಹೆಸರುಬ್ಯಾಳಿ ಕಟ್ಟಿನಿಂದ ಶುರುಮಾಡಿ ತೊಗರಿಗೆ ಬನ್ನಿ. ಬ್ಯಾಳಿ ಬೇಗ ಬೇಯಲಿ ಅಂತ ಸೋಡಾ ಹಾಕಬೇಡಿ, ಅದು ಥಯಾಮಿನ್ನನ್ನೇ ಹಾಳುಮಾಡ್ತದೆ. ಅನ್ನವೇ ಬೇಕಂದ್ರೆ ಕುಸುಬಲಕ್ಕಿ ತನ್ನಿ. ಭತ್ತ ಬೇಯಿಸುವಾಗಲೇ ವಿಟಮಿನ್ ಕಾಳಿನ ಒಳಕ್ಕೆ ಇಳಿದಿರ್ತದೆ, ಪಾಲಿಶ್ ಮಾಡಿದರೂ ಅಷ್ಟು ಹೋಗಂಗಿಲ್ಲ. ಬಿಳಿ ಅಕ್ಕಿಯಾದರೆ ಒಂದು ಸಲ ತೊಳೆದು, ನೀರು ಅಳೆದು ಹಾಕಿ, ಗಂಜಿ ಬಸಿಯದೆ ಬೇಯಿಸಿ. ಊಟದ ಜೊತೆಗೇ ಕಡುಚಹಾ, ಎಲೆಅಡಿಕೆ ಬೇಡ, ಅವೂ ಥಯಾಮಿನ್ನಿಗೆ ಅಡ್ಡ ಬರ್ತವೆ.