ಸಾಲ ತೀರಿತು, ಆರ್.ಸಿ.ಯಲ್ಲಿ ಧಣಿ ಹೆಸರು ಹೋಗಲಿಲ್ಲ

ಗೆಳೆಯರೇ, ನಮ್ಮಪ್ಪಂದಿರು ಹೆಬ್ಬೆಟ್ಟು ಒತ್ತಿದ ಪತ್ರ ಸಾಲ ತೀರಿದ ಮೇಲೂ ಗೌಡರ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಈಗ ಹಾಸ್ಟೆಲ್ಲಿನಲ್ಲಿ ಓದಿದ ನಮ್ಮ ಅಣ್ಣಂದಿರು ಕಂತಿನ ಮೇಲೆ ಗೂಡ್ಸ್ ಆಟೋ ತಗೋತಾರೆ. ಆರ್.ಸಿ.ಯಲ್ಲಿ ಫೈನಾನ್ಸ್‌ನೋರ ಹೆಸರು ಏರುತ್ತೆ. ಕೊನೇ ಕಂತು ಕಟ್ಟಿದ ದಿನ ಆ ಹೆಸರು ತಾನೇ ಅಳಿಸಿಹೋಯ್ತು ಅಂದ್ಕೊಂಡು ನಿದ್ದೆ ಮಾಡ್ತಾರೆ. ಅಳಿಸಿರೋದಿಲ್ಲ. ಎರಡೂ ಕಡೆಯವರು ಒಪ್ಪಂದ ಮುಗೀತು ಅಂತ ರುಜುವಾತು ಕೊಟ್ಟರೆ ಮಾತ್ರ ನೋಂದಣಿ ಕಚೇರಿ ಅದನ್ನು ರದ್ದು ಮಾಡುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮು ಹೇಳೋದು ಇದನ್ನೇ.

ಪಾವಗಡ ಕಡೆಯ ಒಬ್ಬ ಅಣ್ಣನ ಕಥೆ ಕೇಳಿ. 48 ಕಂತು ಕಟ್ಟಿದ. ಕಂಪನಿ ಒಂದು ಎನ್.ಓ.ಸಿ. ಕಾಗದ ಕೊಡ್ತು, ಟ್ರಂಕಿಗೆ ಹಾಕಿದ. ಎರಡು ವರ್ಷದ ಮೇಲೆ ಗಾಡಿ ಮಾರೋಕೆ ಹೊರಟರೆ ಕೊಳ್ಳೋನು ಆರ್.ಸಿ. ನೋಡಿ ಹಿಂದೆ ಸರಿದ. ಹೆಸರು ಇರೋವರೆಗೆ ಫೈನಾನ್ಸ್‌ನೋರ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕತ್ವ ಬದಲಾಗೋದಿಲ್ಲ. ಅಣ್ಣ ಬಸ್ ಹತ್ತಿ ಮಧುಗಿರಿಯ ಆರ್.ಟಿ.ಓ. ಕಚೇರಿಗೆ ಬಂದ. ಎನ್.ಓ.ಸಿ. ಮೇಲೆ ಮೂರು ತಿಂಗಳ ಗಡುವು ಅಚ್ಚಾಗಿತ್ತು, ಜೊತೆಗೆ ನಮೂನೆ 35 ಇರಲೇ ಇಲ್ಲ. ವಾಪಸ್ ಹೋದರೆ ಕಂಪನಿಯ ಶಾಖೆಯೇ ಊರು ಬಿಟ್ಟಿತ್ತು. ಹೊಸ ಕಾಗದಕ್ಕೆ ಎಷ್ಟು ದಿನದ ಬಾಡಿಗೆ ಕಳಕೊಂಡ ಅಂತ ಅವನನ್ನೇ ಕೇಳಬೇಕು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಗಾಡಿಗಳಲ್ಲಿ ಕೆಎ 64 ನಂಬರಿನವು ಈ ಕಚೇರಿಯವೇ. ಅಲ್ಲಿಗೆ ಬೇಕಾದ್ದು ಮುಖ್ಯವಾಗಿ ನಮೂನೆ 35, ಎರಡು ಪ್ರತಿ. ಮಾಲೀಕನ ಸಹಿ ಒಂದು ಕಡೆ, ಸಾಲ ಕೊಟ್ಟೋರ ಸಹಿ ಮೊಹರು ಇನ್ನೊಂದು ಕಡೆ. ಬರೀ 'ಬಾಕಿ ಇಲ್ಲ' ಅನ್ನೋ ಪತ್ರ ಸಾಲದು. ಇದರ ಜೊತೆ ಎನ್.ಓ.ಸಿ., ಮೂಲ ಆರ್.ಸಿ., ಚಾಲ್ತಿ ವಿಮೆ, ಹೊಗೆ ತಪಾಸಣೆ ಚೀಟಿ. ಅರ್ಜಿಯನ್ನು vahan.parivahan.gov.in ನಲ್ಲಿ ಹಾಕಬಹುದು. ಶಾಖೆಯ ಬಾಗಿಲಲ್ಲೇ ನಿಂತು ಗಾಡಿ ನಂಬರು, ಚಾಸಿ ನಂಬರು, ಕಂಪನಿ ಹೆಸರನ್ನು ಆರ್.ಸಿ. ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿ.

ಕಾಗದ ಕೊಡೋದು ಅವರ ದಯೆ ಅಲ್ಲ. ಸಾಲ ಪೂರಾ ತೀರಿದ 30 ದಿನದೊಳಗೆ ಮೂಲ ದಾಖಲೆ ಕೊಟ್ಟು ನೋಂದಣಿಯಲ್ಲಿರುವ ಋಣಭಾರ ತೆಗೆಸಬೇಕು, ತಮ್ಮಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರಿನಲ್ಲಿ ಆದೇಶ ಮಾಡಿದೆ. ಅದೇ ವರ್ಷದ ಡಿಸೆಂಬರ್ 1ರಿಂದ ಜಾರಿ. ಬ್ಯಾಂಕು, ಅದರ ಹತೋಟಿಯ ಫೈನಾನ್ಸ್ ಕಂಪನಿಗಳಿಗೆ ಇದು ಅನ್ವಯ, ಕೈಸಾಲದ ಸಾಹುಕಾರನಿಗಲ್ಲ. ಅದಕ್ಕೇ ಅರ್ಜಿ ಬರವಣಿಗೆಯಲ್ಲಿ ಕೊಟ್ಟು, ತಾರೀಖಿನ ಸಮೇತ ಸ್ವೀಕೃತಿ ಹಾಕಿಸ್ಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಿನ ಎಣಿಸೋರು ಯಾರು?

ಆರ್.ಸಿ.ಯಲ್ಲಿ ಹೆಸರು ಹೋದರೂ ವಿಮೆ ಪಾಲಿಸಿಯಲ್ಲಿ ಉಳಿದಿರುತ್ತೆ. ಗಾಡಿ ಕಳುವಾದರೆ, ಪೂರಾ ಜಖಂ ಆದರೆ, ಪರಿಹಾರದ ಹಣ ಮೊದಲು ಆ ಹೆಸರಿನ ಕಡೆಗೇ ನೋಡುತ್ತೆ. ಹೊಸ ಆರ್.ಸಿ. ತಗೊಂಡು ವಿಮೆ ಕಚೇರಿಗೂ ಹೋಗಿ ಅಲ್ಲೂ ತೆಗೆಸಬೇಕು. ಈ ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯ ಆಟೋಗಳ ಆರ್.ಸಿ. ಇಸ್ಕೊಂಡು ಓದಿ ನೋಡಿ, ನಮೂನೆ 35ನ್ನು ನೀವೇ ತುಂಬಿಕೊಡಿ.